ಒಂದೇ ಕ್ಲಾಕ್, ಎರಡು ಕ್ಷಣ

ಡಿಜಿಟಲ್ ಚಿಪ್ಪಿನೊಳಗೆ ಒಂದು ರಿಜಿಸ್ಟರ್ ಹೊರಬಿಟ್ಟ ಡೇಟಾ ನಡುವಿನ ಲಾಜಿಕ್ ಗೇಟುಗಳನ್ನು ದಾಟಿ ಪಕ್ಕದ ರಿಜಿಸ್ಟರಿಗೆ ಸೇರುತ್ತದೆ. ಎರಡನ್ನೂ ನಡೆಸುವುದು ಒಂದೇ ಕ್ಲಾಕ್. ಆ ಸಂಕೇತ ಸೊನ್ನೆಯಿಂದ ಒಂದಕ್ಕೆ ಏರುವ ಗಳಿಗೆಗೆ ಏರು ಅಂಚು ಎಂದು ಹೆಸರು. ಅಂಚು ಬಂದೊಡನೆ ರಿಜಿಸ್ಟರ್ ತನ್ನ ಬಾಗಿಲಲ್ಲಿ ನಿಂತಿರುವ ಡೇಟಾವನ್ನು ಒಳಗೆ ತೆಗೆದುಕೊಂಡು, ಹಳೆಯದರ ಬದಲು ಅದನ್ನೇ ಮುಂದಕ್ಕೆ ತೋರಿಸತೊಡಗುತ್ತದೆ. ಕಾಗದದ ಮೇಲಿನ ಚಿತ್ರದಲ್ಲಿ ಈ ಅಂಚು ಎರಡೂ ರಿಜಿಸ್ಟರುಗಳನ್ನು ಒಟ್ಟಿಗೆ ಮುಟ್ಟುತ್ತದೆ. ಸಿಲಿಕಾನಿನ ಮೇಲೆ ಹಾಗಾಗುವುದಿಲ್ಲ. ಕ್ಲಾಕ್ ಒಂದು ಮೂಲದಿಂದ ಹೊರಟು, ಬಫರುಗಳನ್ನು ದಾಟುತ್ತಾ ಮರದಂತೆ ಕವಲೊಡೆದು ಸಾವಿರಾರು ರಿಜಿಸ್ಟರುಗಳಿಗೆ ಹಂಚಿಹೋಗುತ್ತದೆ. ಒಂದು ಕವಲಿನ ತಂತಿ ಉದ್ದ, ಇನ್ನೊಂದರದು ಗಿಡ್ಡ. ಒಂದು ಬಫರಿಗೆ ಹತ್ತು ರಿಜಿಸ್ಟರುಗಳ ಹೊರೆಯಾದರೆ ಇನ್ನೊಂದಕ್ಕೆ ಮೂವತ್ತು. ಹೀಗೆ ಪಕ್ಕಪಕ್ಕದ ಎರಡು ರಿಜಿಸ್ಟರುಗಳಿಗೆ ಒಂದೇ ಅಂಚು ತಲುಪುವ ಹೊತ್ತಿನಲ್ಲಿ ಬೀಳುವ ಅಂತರಕ್ಕೆ ಕ್ಲಾಕ್ ಸ್ಕ್ಯೂ ಎನ್ನುತ್ತಾರೆ.

ಇಡೀ ಚಿಪ್ಪಿನಲ್ಲಿ ಅತಿ ಬೇಗ ಮತ್ತು ಅತಿ ತಡವಾಗಿ ಕ್ಲಾಕ್ ಪಡೆಯುವ ರಿಜಿಸ್ಟರುಗಳ ಅಂತರವನ್ನೂ ಸ್ಕ್ಯೂ ಎಂದು ಕರೆಯುವುದುಂಟು. ಆದರೆ ಆ ಎರಡರ ನಡುವೆ ಡೇಟಾ ಹರಿಯದಿದ್ದರೆ ಆ ಅಂತರದಿಂದ ನೇರವಾಗಿ ಏನೂ ಕೆಡುವುದಿಲ್ಲ. ಲೆಕ್ಕಕ್ಕೆ ಬರುವುದು ಒಂದು ಕಳುಹಿಸಿ ಇನ್ನೊಂದು ಹಿಡಿಯುವ ಜೋಡಿಯ ಸ್ಕ್ಯೂ ಮಾತ್ರ. ಹಿಡಿಯುವ ರಿಜಿಸ್ಟರಿಗೆ ಕ್ಲಾಕ್ ತಡವಾಗಿ ಬಂದರೆ ಅದನ್ನು ಧನ ಸ್ಕ್ಯೂ ಎಂದೂ, ಬೇಗ ಬಂದರೆ ಋಣ ಸ್ಕ್ಯೂ ಎಂದೂ ಇಲ್ಲಿ ಹೇಳಲಾಗಿದೆ. ಕೆಲವು ಪುಸ್ತಕಗಳು ಈ ಚಿಹ್ನೆಗಳನ್ನು ಅದಲುಬದಲಾಗಿ ಬಳಸುತ್ತವೆ. ಹಾಗಾಗಿ ಯಾವುದೇ ಲೆಕ್ಕವನ್ನು ಓದುವ ಮೊದಲು ಇದೊಂದನ್ನು ಖಚಿತಪಡಿಸಿಕೊಳ್ಳುವುದು ಒಳ್ಳೆಯದು.

ಡೇಟಾವನ್ನು ಸರಿಯಾಗಿ ಹಿಡಿಯಲು ರಿಜಿಸ್ಟರ್ ಎರಡು ಷರತ್ತುಗಳನ್ನು ಒಡ್ಡುತ್ತದೆ. ಅಂಚು ಬರುವುದಕ್ಕೆ ತುಸು ಮೊದಲೇ ಡೇಟಾ ಬಂದು ಸ್ಥಿರವಾಗಿ ನಿಂತಿರಬೇಕು. ಇದು ಸೆಟಪ್ ಸಮಯ. ಅಂಚು ಬಂದ ಮೇಲೂ ತುಸು ಹೊತ್ತು ಅದು ಕದಲಬಾರದು. ಇದು ಹೋಲ್ಡ್ ಸಮಯ. ಎರಡೂ ಒಂದೇ ಅಂಚಿನ ಆಚೀಚೆ ಇದ್ದರೂ ಅವು ಕೇಳುವ ಪ್ರಶ್ನೆಗಳು ಬೇರೆ. ಒಂದು ಅಂಚಿನಲ್ಲಿ ಹೊರಟ ಡೇಟಾ, ಅತಿ ಉದ್ದದ ದಾರಿ ಹಿಡಿದರೂ, ಮುಂದಿನ ಅಂಚಿನೊಳಗೆ ತಲುಪೀತೇ ಎಂಬುದು ಸೆಟಪ್ಪಿನ ಪ್ರಶ್ನೆ. ಅದೇ ಡೇಟಾ ಅತಿ ಗಿಡ್ಡ ದಾರಿಯಲ್ಲಿ ನುಗ್ಗಿ, ಪಕ್ಕದ ರಿಜಿಸ್ಟರ್ ಇನ್ನೂ ಹಿಡಿಯುತ್ತಿರುವ ಹಳೆಯ ಡೇಟಾವನ್ನು ಅಳಿಸಿಬಿಟ್ಟೀತೇ ಎಂಬುದು ಹೋಲ್ಡಿನ ಪ್ರಶ್ನೆ. ಮೊದಲನೆಯದರಲ್ಲಿ ಎರಡು ಅಂಚುಗಳಿವೆ, ಹಾಗಾಗಿ ಅವುಗಳ ನಡುವಿನ ಅವಧಿಗೂ ಪಾತ್ರವಿದೆ. ಎರಡನೆಯದರಲ್ಲಿ ಇರುವುದು ಒಂದೇ ಅಂಚು, ಕ್ಲಾಕಿನ ಅವಧಿಗೆ ಅಲ್ಲಿ ಜಾಗವಿಲ್ಲ.

ಸ್ಕ್ಯೂ ಒಂದು ಕೈಯಲ್ಲಿ ಕೊಟ್ಟು ಇನ್ನೊಂದು ಕೈಯಲ್ಲಿ ಕಸಿದುಕೊಳ್ಳುವುದು ಇದೇ ಕಾರಣಕ್ಕೆ. ಹಿಡಿಯುವ ರಿಜಿಸ್ಟರಿನ ಕ್ಲಾಕ್ ತಡವಾದರೆ ಡೇಟಾಕ್ಕೆ ಅಷ್ಟು ಹೆಚ್ಚು ಹೊತ್ತು ಸಿಗುತ್ತದೆ, ಸೆಟಪ್ ಸಲೀಸಾಗುತ್ತದೆ. ಆದರೆ ಹಳೆಯ ಡೇಟಾ ಅಷ್ಟೇ ಹೊತ್ತು ಹೆಚ್ಚಾಗಿ ಕದಲದೆ ನಿಲ್ಲಬೇಕಾಗುತ್ತದೆ, ಹೋಲ್ಡ್ ಬಿಗಿಯಾಗುತ್ತದೆ. ತಾರಸಿ ಹಾಕುವಾಗ ಸಾಲಾಗಿ ನಿಂತವರು ಕಾಂಕ್ರೀಟಿನ ಬಾಣಲಿಯನ್ನು ಒಂದು ಕೂಗಿಗೆ ಒಂದು ಕೈಯಂತೆ ದಾಟಿಸುತ್ತಾರೆ. ಸಾಲಿನಲ್ಲಿ ಒಬ್ಬರಿಗೆ ಕೂಗು ತಡವಾಗಿ ಕೇಳಿಸಿದರೆ ಅವರತ್ತ ಬರುವ ಬಾಣಲಿಗೆ ಬಿಡುವು ಹೆಚ್ಚು. ಆದರೆ ಕೈಯಲ್ಲಿರುವ ಬಾಣಲಿಯನ್ನು ಮುಂದೆ ಕೊಡುವ ಮೊದಲೇ ಇನ್ನೊಂದು ಬಂದು ಮೇಲೆ ಬೀಳುವ ಅಪಾಯವೂ ಅಷ್ಟೇ ಹೆಚ್ಚು.

ಲೆಕ್ಕಕ್ಕೆ ಅ, ಬ, ಕ ಎಂಬ ಮೂರು ರಿಜಿಸ್ಟರುಗಳ ಸಾಲನ್ನು ತೆಗೆದುಕೊಳ್ಳಬಹುದು. ಕ್ಲಾಕ್ 1 ಗಿಗಾಹರ್ಟ್ಸ್, ಅಂದರೆ ಒಂದು ಅವಧಿಗೆ 1000 ಪಿಕೋಸೆಕೆಂಡ್. ಅಂಚು ಬಂದ ಮೇಲೆ ರಿಜಿಸ್ಟರಿನಿಂದ ಡೇಟಾ ಹೊರಬೀಳಲು ಹೆಚ್ಚೆಂದರೆ 80, ಕನಿಷ್ಠ 60 ಪಿಕೋಸೆಕೆಂಡ್ ಬೇಕು. ಸೆಟಪ್ ಸಮಯ 50, ಹೋಲ್ಡ್ ಸಮಯ 30. ಅ ದಿಂದ ಬ ಗೆ ಹೋಗುವ ಲಾಜಿಕ್ಕಿನ ಅತಿ ಉದ್ದದ ದಾರಿ 920, ಅತಿ ಗಿಡ್ಡದ್ದು 50 ಪಿಕೋಸೆಕೆಂಡ್. ಬ ದಿಂದ ಕ ಗೆ ಹೋಗುವ ಲಾಜಿಕ್ ಹಗುರ, ಅದರ ಉದ್ದದ ದಾರಿ 700.

ಸ್ಕ್ಯೂ ಸೊನ್ನೆಯಾಗಿದ್ದರೆ ಮೊದಲ ಹಂತಕ್ಕೆ 80, 920, 50 ಸೇರಿ 1050 ಪಿಕೋಸೆಕೆಂಡ್ ಬೇಕು. ಇರುವುದು 1000. ಸೆಟಪ್ 50 ಪಿಕೋಸೆಕೆಂಡಿನಷ್ಟು ಸೋಲುತ್ತದೆ. ಎರಡನೇ ಹಂತಕ್ಕೆ 830 ಸಾಕು, ಅಲ್ಲಿ 170 ಸುಮ್ಮನೆ ಉಳಿದಿದೆ. ಬ ರಿಜಿಸ್ಟರಿಗೆ ಹೋಗುವ ಕ್ಲಾಕ್ ಕವಲಿನಲ್ಲಿ ಒಂದೆರಡು ಬಫರ್ ಹೆಚ್ಚಿಗೆ ಹಾಕಿ ಅಂಚನ್ನು 60 ಪಿಕೋಸೆಕೆಂಡ್ ತಡಮಾಡಿದರೆ ಮೊದಲ ಹಂತಕ್ಕೆ 1060 ಸಿಗುತ್ತದೆ, 10 ಉಳಿಯುತ್ತದೆ. ಬ ತಡವಾಗಿ ಹೊರಡುವುದರಿಂದ ಎರಡನೇ ಹಂತದ ಉಳಿಕೆ 170ರಿಂದ 110ಕ್ಕೆ ಇಳಿಯುತ್ತದೆ. ಲಾಜಿಕ್ಕಿನ ಒಂದು ಗೇಟನ್ನೂ ಮುಟ್ಟದೆ, ಬಿಡುವಿದ್ದ ಕಡೆಯಿಂದ ಬಿಡುವಿಲ್ಲದ ಕಡೆಗೆ ಸಮಯ ಸಾಲವಾಗಿ ಬಂದಿದೆ. ಹೀಗೆ ಬೇಕೆಂದೇ ಇಡುವ ಅಂತರಕ್ಕೆ ಯೂಸ್‌ಫುಲ್ ಸ್ಕ್ಯೂ ಎಂಬ ಹೆಸರು ವಿನ್ಯಾಸಕಾರರ ಬಾಯಲ್ಲಿ ರೂಢವಾಗಿದೆ.

ಇನ್ನು ಹೋಲ್ಡ್. ಹೊಸ ಡೇಟಾ ಬ ದ ಬಾಗಿಲಿಗೆ ಬರಲು ಕನಿಷ್ಠ 60ಕ್ಕೆ 50 ಸೇರಿ 110 ಪಿಕೋಸೆಕೆಂಡ್. ಸ್ಕ್ಯೂ ಇಲ್ಲದಾಗ ಬ ಕೇಳುವುದು 30, ಹಾಗಾಗಿ 80 ಉಳಿಯುತ್ತಿತ್ತು. ಸ್ಕ್ಯೂ 60 ಆದಾಗ ಬ ಕೇಳುವುದು 90, ಉಳಿಯುವುದು ಬರೇ 20. ಸ್ಕ್ಯೂ 100 ಆದರೆ ಸೆಟಪ್ಪಿನಲ್ಲಿ 50 ಉಳಿದಂತೆ ಕಂಡರೂ ಹೋಲ್ಡ್ 20ರಷ್ಟು ಸೋತಿರುತ್ತದೆ. ಎಂದರೆ ಈ ಜೋಡಿಗೆ ಸ್ಕ್ಯೂ 50ಕ್ಕಿಂತ ಕಡಿಮೆ ಇರುವಂತಿಲ್ಲ, 80ಕ್ಕಿಂತ ಹೆಚ್ಚೂ ಇರುವಂತಿಲ್ಲ. ನಟ್ಟನಡುವೆ 65 ಇಟ್ಟರೆ ಎರಡೂ ಕಡೆ 15ರಂತೆ ಉಳಿಯುತ್ತದೆ. ಸೊನ್ನೆ ಸ್ಕ್ಯೂ ಈ ಕಿಂಡಿಯ ಹೊರಗೇ ಬಿದ್ದಿದೆ ಎಂಬುದನ್ನು ಗಮನಿಸಬೇಕು. ಸ್ಕ್ಯೂ ಎಂದರೆ ಹೇಗಾದರೂ ಅಳಿಸಬೇಕಾದ ದೋಷ ಎಂಬ ಎಣಿಕೆ ಇಂಥ ಜೋಡಿಯಲ್ಲಿ ನಿಲ್ಲುವುದಿಲ್ಲ.

ಈ ಮಾತನ್ನು ಗಣಿತದ ಚೌಕಟ್ಟಿನಲ್ಲಿ ಇಟ್ಟು ತೋರಿಸಿದವರಲ್ಲಿ ಜಾನ್ ಫಿಶ್‌ಬರ್ನ್ ಪ್ರಮುಖರು. ಸ್ಕ್ಯೂವನ್ನು ಉತ್ತಮಗೊಳಿಸುವ ಬಗ್ಗೆ 1990ರಲ್ಲಿ ಪ್ರಕಟವಾದ ಅವರ ಪ್ರಬಂಧ ಪ್ರತಿ ಜೋಡಿಯ ಸೆಟಪ್ ಮತ್ತು ಹೋಲ್ಡ್ ಮಿತಿಗಳನ್ನು ಅಸಮತೆಗಳಾಗಿ ಬರೆದು, ಪ್ರತಿ ರಿಜಿಸ್ಟರಿಗೆ ಕ್ಲಾಕ್ ಯಾವಾಗ ತಲುಪಬೇಕು ಎಂಬುದನ್ನು ಲೀನಿಯರ್ ಪ್ರೋಗ್ರಾಮಿಂಗ್ ಮೂಲಕ ಕಂಡುಹಿಡಿಯಬಹುದೆಂದು ತೋರಿಸಿತು. ಸಾಲಕ್ಕೆ ಒಂದು ಗಡಿ ಇದೆ ಎಂಬುದೂ ಆ ಅಸಮತೆಗಳನ್ನು ಕೂಡಿದಾಗ ಕಾಣುತ್ತದೆ. ಕ ದಿಂದ ಡೇಟಾ ಮರಳಿ ಅ ಗೆ ಬರುತ್ತಿದ್ದು, ಆ ಹಂತಕ್ಕೆ 1150 ಪಿಕೋಸೆಕೆಂಡ್ ಬೇಕೆಂದಿಟ್ಟುಕೊಂಡರೆ ಸುತ್ತಿನ ಒಟ್ಟು ಅಗತ್ಯ 1050, 830, 1150 ಸೇರಿ 3030. ಮೂರು ಅವಧಿಗಳಲ್ಲಿ ಸಿಗುವುದು 3000. ಬ ಗೆ ಕೊಟ್ಟದ್ದನ್ನು ಕ ದಿಂದ ಕಿತ್ತು, ಕ ಗೆ ಕೊಟ್ಟದ್ದನ್ನು ಅ ದಿಂದ ಕಿತ್ತು ಸುತ್ತು ಮುಗಿಸುವಾಗ ಎಲ್ಲ ಸ್ಕ್ಯೂಗಳೂ ಕೂಡಿ ಸೊನ್ನೆಯೇ ಆಗುವುದರಿಂದ ಯಾವ ಹೊಂದಾಣಿಕೆಯೂ ಆ 30ನ್ನು ತುಂಬಲಾರದು. ತನ್ನ ಔಟ್‌ಪುಟ್ಟನ್ನು ತಾನೇ ಮರಳಿ ಪಡೆಯುವ ರಿಜಿಸ್ಟರ್, ಕೌಂಟರಿನಲ್ಲಿರುವಂಥದ್ದು, ಈ ಮಿತಿಯ ಅತಿ ಸಣ್ಣ ರೂಪ. ಅದಕ್ಕೆ ತನ್ನೊಡನೆಯೇ ಸ್ಕ್ಯೂ ಇರಲು ಸಾಧ್ಯವಿಲ್ಲ, ಅಲ್ಲಿ ಲಾಜಿಕ್ಕನ್ನೇ ಚುರುಕುಗೊಳಿಸಬೇಕು.

ಸ್ಕ್ಯೂ ಅತಿ ಹೆಚ್ಚು ಹಾನಿ ಮಾಡುವುದು ನಡುವೆ ಲಾಜಿಕ್ಕೇ ಇಲ್ಲದ ಜೋಡಿಗಳಲ್ಲಿ. ಶಿಫ್ಟ್ ರಿಜಿಸ್ಟರುಗಳು ಹೀಗೇ ಇರುತ್ತವೆ. ತಯಾರಾದ ಚಿಪ್ಪನ್ನು ಪರೀಕ್ಷಿಸಲು ಸಾವಿರಾರು ರಿಜಿಸ್ಟರುಗಳನ್ನು ಒಂದರ ಬಾಲಕ್ಕೆ ಒಂದು ಕಟ್ಟಿದ ಸ್ಕ್ಯಾನ್ ಚೈನುಗಳೂ ಹೀಗೇ. ಮೇಲಿನ ಅಂಕಿಗಳಲ್ಲೇ ಹೇಳುವುದಾದರೆ, ಹೊಸ ಡೇಟಾ 60 ಪಿಕೋಸೆಕೆಂಡಿಗೆ ಬರುತ್ತದೆ, ಹೋಲ್ಡಿಗೆ 30 ಬೇಕು, ಸ್ಕ್ಯೂಗೆ ಉಳಿಯುವುದು 30 ಮಾತ್ರ. ಅದು ಮೀರಿದಾಗ ಒಂದೇ ಅಂಚಿನಲ್ಲಿ ಡೇಟಾ ಎರಡು ರಿಜಿಸ್ಟರುಗಳನ್ನು ದಾಟಿಬಿಡಬಹುದು. ಹತ್ತು ರಿಜಿಸ್ಟರುಗಳ ಸರಣಿಗೆ ಒಂದು ಮಾದರಿ ತುಂಬಿದರೆ ಅದು ಹತ್ತನೇ ಕ್ಲಾಕಿನ ಬದಲು ಒಂಬತ್ತನೆಯದಕ್ಕೇ ಹೊರಬರುತ್ತದೆ. ಪ್ರಯೋಗಾಲಯದಲ್ಲಿ ಇದು ಸ್ಪಷ್ಟವಾದ ಗುರುತು. ಅದಕ್ಕಿಂತ ಸ್ಪಷ್ಟವಾದದ್ದು ಕ್ಲಾಕಿನ ವೇಗ ತಗ್ಗಿಸಿ ನೋಡುವುದು. ನಿಧಾನಿಸಿದಾಗ ತಪ್ಪು ಮಾಯವಾದರೆ ಅದು ಸೆಟಪ್ಪಿನದು. ಎಷ್ಟು ನಿಧಾನಿಸಿದರೂ ಹಾಗೇ ಉಳಿದರೆ ಹೋಲ್ಡಿನ ಮೇಲೆ ಸಂಶಯ ಪಡಬೇಕು. ಸೆಟಪ್ಪಿನಲ್ಲಿ ಸೋತ ಚಿಪ್ಪನ್ನು ಕಡಿಮೆ ವೇಗದಲ್ಲಾದರೂ ಬಳಸಬಹುದು. ಹೋಲ್ಡಿನಲ್ಲಿ ಸೋತದ್ದಕ್ಕೆ ಆ ಆಸರೆಯಿಲ್ಲ, ಆದ್ದರಿಂದ ಚಿಪ್ ತಯಾರಿಕೆಗೆ ಹೋಗುವ ಮೊದಲೇ ಅದನ್ನು ಸರಿಪಡಿಸಬೇಕು.

ಸಾಮಾನ್ಯ ಪರಿಹಾರವೆಂದರೆ ಗಿಡ್ಡ ದಾರಿಯಲ್ಲಿ ಒಂದೆರಡು ಬಫರ್ ಸೇರಿಸಿ ಡೇಟಾವನ್ನು ನಿಧಾನಿಸುವುದು. ಅದು ಜಾಗವನ್ನೂ ವಿದ್ಯುತ್ತನ್ನೂ ತಿನ್ನುತ್ತದೆ. ಬಫರ್ ಕೂರುವ ತುಂಡು ಉದ್ದದ ದಾರಿಯಲ್ಲೂ ಇದ್ದರೆ ಸೆಟಪ್ಪಿಗೂ ಹೊಡೆತ. ಸರಣಿಗಳಲ್ಲಿ ಇನ್ನೊಂದು ಉಪಾಯವಿದೆ: ಡೇಟಾ ಹರಿಯುವ ದಿಕ್ಕಿಗೆ ಎದುರಾಗಿ ಕ್ಲಾಕನ್ನು ಹರಿಸುವುದು. ಆಗ ಹಿಡಿಯುವ ರಿಜಿಸ್ಟರಿಗೆ ಕ್ಲಾಕ್ ಮೊದಲು ಸಿಗುತ್ತದೆ, ಸ್ಕ್ಯೂ ಋಣವಾಗುತ್ತದೆ, ಹೋಲ್ಡ್ ನಿರಾಳ. ಸೆಟಪ್ ಕಳೆದುಕೊಂಡರೂ ನಡುವೆ ಲಾಜಿಕ್ ಇಲ್ಲದ್ದರಿಂದ ಅಲ್ಲಿ ಕೊರತೆಯಾಗುವುದಿಲ್ಲ. ಕ್ಲಾಕ್ ಮರದ ದೂರದ ಎರಡು ಕವಲುಗಳ ನಡುವೆ ಸ್ಕ್ಯಾನ್ ಚೈನ್ ದಾಟುವಲ್ಲಿ ಲಾಕ್‌ಅಪ್ ಲ್ಯಾಚ್ ಇಡುತ್ತಾರೆ. ಕಳುಹಿಸುವ ಕಡೆಯ ಕ್ಲಾಕ್ ಮೇಲಿರುವವರೆಗೂ ಅದು ಹಳೆಯ ಡೇಟಾವನ್ನೇ ಬಿಗಿಹಿಡಿದು, ಕೆಳಗಿಳಿದಾಗ ಮಾತ್ರ ಹೊಸದನ್ನು ಬಿಡುತ್ತದೆ. ಹೋಲ್ಡಿಗೆ ಸುಮಾರು ಅರ್ಧ ಅವಧಿಯಷ್ಟು ಬಿಡುವು ಒಮ್ಮೆಲೇ ಸಿಗುತ್ತದೆ.

ಮೇಲಿನ ಲೆಕ್ಕದಲ್ಲಿ 65 ಎಂದು ಬರೆದದ್ದು ಸಿಲಿಕಾನಿನಲ್ಲಿ 65 ಆಗಿಯೇ ಇರುತ್ತದೆಂಬ ಭರವಸೆಯಿಲ್ಲ. ಆ ತಡವನ್ನು ಹುಟ್ಟಿಸುವ ಬಫರುಗಳ ವೇಗ ತಯಾರಿಕೆ, ವೋಲ್ಟೇಜ್, ಉಷ್ಣತೆಗಳೊಂದಿಗೆ ಬದಲಾಗುತ್ತದೆ. ಸಮಯ ವಿಶ್ಲೇಷಣೆಯ ತಂತ್ರಾಂಶಗಳು ಒಂದೇ ವಿನ್ಯಾಸವನ್ನು ನಿಧಾನ ಹಾಗೂ ಚುರುಕು ಸ್ಥಿತಿಗಳೆರಡರಲ್ಲೂ ಪರೀಕ್ಷಿಸುವುದು ಅದಕ್ಕಾಗಿ. ಸೆಟಪ್ ಸಾಮಾನ್ಯವಾಗಿ ನಿಧಾನ ಸ್ಥಿತಿಯಲ್ಲಿ ಸೋಲುತ್ತದೆ, ಹೋಲ್ಡ್ ಚುರುಕು ಸ್ಥಿತಿಯಲ್ಲಿ. ಮೂಲದಿಂದ ಕವಲೊಡೆಯುವವರೆಗಿನ ಕಾಂಡ ಎರಡು ರಿಜಿಸ್ಟರುಗಳಿಗೂ ಒಂದೇ ಆದ್ದರಿಂದ ಅಲ್ಲಿನ ಏರುಪೇರು ಇಬ್ಬರನ್ನೂ ಸಮವಾಗಿ ತಟ್ಟುತ್ತದೆ. ಅನಿಶ್ಚಿತತೆ ಬೆಳೆಯುವುದು ಕವಲಿನ ನಂತರ. ಹಾಗಾಗಿ ಬಿಗಿಯಾದ ಜೋಡಿಗಳನ್ನು ಮರದಲ್ಲಿ ತೀರ ಕೊನೆಯಲ್ಲಿ ಬೇರ್ಪಡಿಸುವುದು ಒಳ್ಳೆಯ ಪದ್ಧತಿ. ಅಂಚುಗಳು ಪ್ರತಿ ಸುತ್ತಿನಲ್ಲೂ ಚೂರು ಹಿಂದುಮುಂದಾಗುವ ಜಿಟರ್ ಸ್ಕ್ಯೂವಿಗಿಂತ ಬೇರೆ. ಮೂಲದಲ್ಲೇ ಹುಟ್ಟಿದ ಜಿಟರ್ ಎರಡು ಅಂಚುಗಳ ಅಂತರವನ್ನು ಕುಗ್ಗಿಸಿ ಸೆಟಪ್ಪನ್ನು ಕೆಡಿಸಬಲ್ಲದು, ಆದರೆ ಒಂದೇ ಅಂಚನ್ನು ನೋಡುವ ಹೋಲ್ಡಿಗೆ ಅದು ತಟ್ಟುವುದಿಲ್ಲ. 50ರಿಂದ 80ರವರೆಗಿನ ಕಿಂಡಿಯಲ್ಲಿ ಜಿಟರಿಗೆ 10 ಪಿಕೋಸೆಕೆಂಡ್ ಎತ್ತಿಟ್ಟರೆ ಕೆಳಗಿನ ಅಂಚು 60ಕ್ಕೆ ಏರುತ್ತದೆ, ಮೇಲಿನದು 80ರಲ್ಲೇ ಉಳಿಯುತ್ತದೆ. ಆಗ 65ರಲ್ಲಿ ಇಟ್ಟಿದ್ದ ಬ ದ ಕ್ಲಾಕನ್ನು 70ಕ್ಕೆ ಸರಿಸಬೇಕಾಗುತ್ತದೆ.