ಸಭೆಯ ಪರದೆಯ ಮೇಲೆ ಮಳೆಯ ಲೆಕ್ಕ

ಬೆಂಗಳೂರಿನ 40 ಮನೆಗಳ ಅಪಾರ್ಟ್‌ಮೆಂಟ್ ಎಂದಿಟ್ಟುಕೊಳ್ಳಿ. ನಿವಾಸಿಗಳ ಸಭೆಗೆ ಮಳೆನೀರು ಕೊಯ್ಲಿನ ಸ್ಲೈಡ್ ತಯಾರಿಸುವವರು ಮೊದಲು ಬರೆಯುವುದು ತಾರಸಿಯ ಲೆಕ್ಕವನ್ನೇ. ಒಂದು ಚದರ ಮೀಟರ್ ಮೇಲೆ ಒಂದು ಮಿ.ಮೀ. ಮಳೆ ಬಿದ್ದರೆ ಒಂದು ಲೀಟರ್ ನೀರು. ತಾರಸಿ 600 ಚದರ ಮೀಟರ್, ವರ್ಷದ ಮಳೆ ಸುಮಾರು 970 ಮಿ.ಮೀ.; ಐದನೇ ಒಂದು ಪಾಲು ಪೋಲಾದರೂ 4.65 ಲಕ್ಷ ಲೀಟರ್.

ಎಡವುವುದು ಇಲ್ಲೇ. ಅಷ್ಟೂ ನೀರು ಕೈಗೆ ಸಿಗುವುದಿಲ್ಲ. ಒಂದೇ ಸಂಜೆ 50 ಮಿ.ಮೀ. ಸುರಿದರೆ 24,000 ಲೀಟರ್ ಇಳಿಯುತ್ತದೆ. 20,000 ಲೀಟರಿನ ಸಂಪು ಬೆಳಿಗ್ಗೆಯೇ ಟ್ಯಾಂಕರ್ ನೀರಿನಿಂದ ತುಂಬಿದ್ದರೆ ಮಳೆ ಸೀದಾ ಚರಂಡಿಗೆ. ಹಾಗಾಗಿ ಮಳೆಗಾಲದಲ್ಲಿ ಟ್ಯಾಂಕರ್ ಕರೆಸುವ ಮುನ್ನ ಮೋಡ ನೋಡುವ ಕೆಲಸ ವಾಚ್‌ಮನ್‌ಗೆ ಬೀಳುತ್ತದೆ!

ಬಳಕೆಗೆ 3 ಲಕ್ಷ ಲೀಟರ್ ಎಂದು ಹಿಡಿಯುವುದು ಪ್ರಾಮಾಣಿಕ. 6,000 ಲೀಟರಿನ 50 ಟ್ಯಾಂಕರ್. ತಲಾ 800 ರೂಪಾಯಿಯಂತೆ 40,000 ಉಳಿತಾಯ. ಫಿಲ್ಟರ್ ತೊಳೆಯಲು, ತಾರಸಿ ಗುಡಿಸಲು 5,000 ಕಳೆಯಿರಿ. ಪೈಪು, ಫಿಲ್ಟರ್, ಮೊದಲ ಮಳೆಯ ಕೊಳೆನೀರನ್ನು ಹೊರಬಿಡುವ ವಾಲ್ವ್ ಸೇರಿ ಖರ್ಚು 1.5 ಲಕ್ಷವಾದರೆ, ಹಾಕಿದ ದುಡ್ಡು ಹಿಂತಿರುಗಲು ನಾಲ್ಕು ವರ್ಷಕ್ಕಿಂತ ತುಸು ಹೆಚ್ಚು ಬೇಕು. ಮನೆಗೆ ಬೀಳುವ ಪಾಲು 3,750 ರೂಪಾಯಿ. ದರಗಳೆಲ್ಲ ಉದಾಹರಣೆಗೆ, ನಿಮ್ಮ ಟ್ಯಾಂಕರ್ ಬಿಲ್ಲು ನೋಡಿ ಬದಲಿಸಿಕೊಳ್ಳಿ.

ಇನ್ನೊಂದು ಸಾಲನ್ನು ಮುಚ್ಚಿಡಬಾರದು. ಮನೆಗೆ ನಾಲ್ವರು, ತಲೆಗೆ 135 ಲೀಟರ್ ಎಂದರೆ ದಿನಕ್ಕೆ 21,600 ಲೀಟರ್ ಬೇಕು. ಆ 3 ಲಕ್ಷ ಎರಡು ವಾರದ ನೀರು ಅಷ್ಟೇ. ಸಂಪು ತುಂಬಿ ಹೆಚ್ಚಾದದ್ದನ್ನು ಇಂಗುಬಾವಿಗೆ ಬಿಡುವ ಪೈಪನ್ನೂ ಅದೇ ಸ್ಲೈಡಿನಲ್ಲಿ ಬರೆಯಿರಿ.