ಮೇಕಪ್ ಬಿಡಿಸಬೇಕು ನೆನೆಸಿ, ತಿಕ್ಕಿ ಅಲ್ಲ

ಆರತಕ್ಷತೆ ಮುಗಿಸಿ ಮದುಮಗಳು ಕೋಣೆಗೆ ಬರುವ ಹೊತ್ತಿಗೆ ರಾತ್ರಿ ಹನ್ನೊಂದಾಗಿರುತ್ತದೆ. ಯಾರದೋ ಬ್ಯಾಗಿನಲ್ಲಿ ಸಿಕ್ಕ ಒಂದೇ ವೆಟ್ ವೈಪ್‌ನಿಂದ ಕಣ್ಣು, ಕೆನ್ನೆ, ತುಟಿ ಎಲ್ಲವನ್ನೂ ಗಸಗಸ ಉಜ್ಜಿ ಮಲಗುವವರೇ ಹೆಚ್ಚು. ಬೆಳಗಾದರೆ ಕಣ್ಣು ಕೆಂಪಾಗಿರುತ್ತದೆ, ದಿಂಬಿನ ಮೇಲೆ ಕಾಡಿಗೆ ಇರುತ್ತದೆ.

ನೀರಿಗೆ ಕರಗದ ಕಾಡಿಗೆ, ಮಸ್ಕಾರಾಗಳಲ್ಲಿ ಮೇಣದ ಅಂಶ ಇರುತ್ತದೆ. ಅದನ್ನು ಸಡಿಲಿಸುವುದು ಎಣ್ಣೆ ಮತ್ತು ಸಮಯ. ಬಟ್ಟೆಯಾಗಲಿ, ಹತ್ತಿಯಾಗಲಿ, ಸಡಿಲವಾದದ್ದನ್ನು ಎತ್ತಿಕೊಂಡು ಹೋಗುತ್ತವೆ, ಅಷ್ಟೆ. ಇದು ತಿಳಿದರೆ ಯಾವ ಕೆಲಸಕ್ಕೆ ಯಾವುದು ಬೇಕೆಂಬುದು ತಾನಾಗಿ ಹೊಳೆಯುತ್ತದೆ.

ಮೊದಲು ಕಣ್ಣು. ಕೈ ತೊಳೆದು, ಲೆನ್ಸ್ ಹಾಕಿದ್ದರೆ ತೆಗೆದಿಡಿ. ಇಲ್ಲಿಗೆ ಕಾಟನ್ ಪ್ಯಾಡ್‌ಗೆ ಸಾಟಿಯಿಲ್ಲ. ಔಷಧಿ ಅಂಗಡಿಯ ಸುರುಳಿ ಹತ್ತಿಯಲ್ಲ, ಅಂಚು ಒತ್ತಿ ಕೂಡಿಸಿದ ಚಪ್ಪಟೆ ಪ್ಯಾಡ್. ಸುರುಳಿ ಹತ್ತಿಯ ಎಳೆಗಳು ರೆಪ್ಪೆಕೂದಲಿಗೆ ಸಿಕ್ಕಿ ಕಣ್ಣಿನೊಳಗೆ ಹೋಗುತ್ತವೆ. ಎಣ್ಣೆ ಮತ್ತು ನೀರು ಎರಡು ಪದರವಾಗಿ ನಿಂತಿರುವ ಮೇಕಪ್ ರಿಮೂವರನ್ನು ಚೆನ್ನಾಗಿ ಕುಲುಕಿ, ಪ್ಯಾಡ್ ಒದ್ದೆಯಾಗುವಷ್ಟು ಸುರಿಯಿರಿ. ಒಣಪ್ಯಾಡ್‌ಗೆ ನಾಲ್ಕು ಹನಿ ಹಾಕಿದರೆ ಅದೇ ಉಜ್ಜುವ ಕೆಲಸ ಶುರುವಾಗುತ್ತದೆ. ಮುಚ್ಚಿದ ಕಣ್ಣಿನ ಮೇಲೆ ಅದನ್ನಿಟ್ಟು ಇಪ್ಪತ್ತು ಸೆಕೆಂಡು ಸುಮ್ಮನೆ ಹಿಡಿದುಕೊಳ್ಳಿ. ಆಮೇಲೆ ಮೇಲಿನಿಂದ ಕೆಳಕ್ಕೆ ಒಮ್ಮೆ ಜಾರಿಸಿ. ಬಹುಪಾಲು ಕಪ್ಪು ಪ್ಯಾಡ್‌ಗೆ ಬಂದಿರುತ್ತದೆ. ಉಳಿದದ್ದಕ್ಕೆ ಪ್ಯಾಡನ್ನು ಮಡಚಿ, ಶುಚಿಯಾದ ಅಂಚಿನಿಂದ ಕೆಳರೆಪ್ಪೆಯನ್ನು ಒರೆಸಿ. ಕೃತಕ ರೆಪ್ಪೆ ಅಂಟಿಸಿದ್ದರೆ, ಅಂಟಿನ ಗೆರೆಯನ್ನು ಮೊದಲು ಹೀಗೆ ನೆನೆಸಿ. ಅದು ತಾನೇ ಸಡಿಲವಾಗಿ ಬರುವವರೆಗೆ ಎಳೆಯಬೇಡಿ. ಒಂದು ಕಣ್ಣಿನ ಪ್ಯಾಡನ್ನು ಇನ್ನೊಂದಕ್ಕೆ ಮುಟ್ಟಿಸಬೇಡಿ.

ತುಟಿಗೆ ಟಿಶ್ಯೂ. ಗಾಢ ಲಿಪ್‌ಸ್ಟಿಕ್ಕನ್ನು ನೇರವಾಗಿ ಒರೆಸಿದರೆ ಬಣ್ಣ ಗಲ್ಲಕ್ಕೆಲ್ಲ ಹರಡುತ್ತದೆ. ಮೊದಲು ಟಿಶ್ಯೂವನ್ನು ತುಟಿಗಳ ನಡುವೆ ಒತ್ತಿ ಮೇಲಿನ ಬಣ್ಣ ತೆಗೆದು, ಬಳಿಕ ರಿಮೂವರ್ ಮುಟ್ಟಿಸಿ. ಟಿಶ್ಯೂವಿನ ಹುಟ್ಟೇ ಈ ಕೆಲಸಕ್ಕೆ: 1924ರಲ್ಲಿ ಕ್ಲೀನೆಕ್ಸ್ ಅಮೆರಿಕದ ಮಾರುಕಟ್ಟೆಗೆ ಬಂದದ್ದು ಮುಖದ ಕೋಲ್ಡ್ ಕ್ರೀಮ್ ಒರೆಸುವ ಕಾಗದವಾಗಿ. ಮೂಗು ಒರೆಸಲು ಜನ ಆಮೇಲೆ ಬಳಸಿದರು. ಈಗಲೂ ಎಣ್ಣೆ, ಕ್ರೀಮ್ ಒತ್ತಿ ತೆಗೆಯಲು ಅದು ಚೆನ್ನ. ಆದರೆ ಒದ್ದೆಯಾದ ಟಿಶ್ಯೂ ಹರಿದು ಚೂರಾಗುವುದರಿಂದ ಕಣ್ಣಿನ ಹತ್ತಿರಕ್ಕೆ ತರಬೇಡಿ.

ಮುಖದ ತುಂಬ ಇರುವ ಫೌಂಡೇಶನ್‌ಗೆ ಪ್ಯಾಡ್ ಸುರಿದು ಮುಗಿಸುವುದು ದಂಡ. ಒಣಮುಖಕ್ಕೆ ಕ್ಲೆನ್ಸಿಂಗ್ ಬಾಮ್ ಅಥವಾ ಎಣ್ಣೆಯನ್ನು ಬೆರಳಿನಿಂದ ಒಂದು ನಿಮಿಷ ಹಚ್ಚಿ, ನೀರು ಚಿಮುಕಿಸಿ. ಅದು ಹಾಲಿನಂತೆ ಬೆಳ್ಳಗಾದಾಗ, ಉಗುರುಬೆಚ್ಚಗಿನ ನೀರಲ್ಲಿ ಹಿಂಡಿದ ತೆಳು ಹತ್ತಿಬಟ್ಟೆಯನ್ನು ಮುಖಕ್ಕೆ ಹೊದಿಸಿ, ಮೆಲ್ಲಗೆ ಒರೆಸಿ. ಹಳೆಯ ಪಂಚೆಯ ತುಂಡು ಇದಕ್ಕೆ ಯಾವ ದುಬಾರಿ ಬಟ್ಟೆಗೂ ಕಡಿಮೆಯಲ್ಲ. ಕೊನೆಗೆ ಫೇಸ್‌ವಾಶ್. ಮೈಕ್ರೋಫೈಬರ್ ಬಟ್ಟೆ ಬರಿ ನೀರಿನಲ್ಲೂ ಮೇಕಪ್ ಎತ್ತುತ್ತದೆ. ಆದರೆ ಅದು ಚರ್ಮಕ್ಕೆ ಉಜ್ಜುತ್ತಲೇ ಎತ್ತುವುದು. ಮೊಡವೆ ಇರುವ ಮುಖಕ್ಕೆ ಬೇಡ.

ಬಟ್ಟೆಯ ಕೆಲಸ ಇಲ್ಲಿಗೆ ಮುಗಿಯಿತು, ಟೋನರ್‌ಗೆ ಅದು ಬೇಡ. ರೋಜ್ ವಾಟರಿನಂಥ ತೇವ ಕೊಡುವ ಟೋನರನ್ನು ಅಂಗೈಯಲ್ಲಿ ತೆಗೆದುಕೊಂಡು ಮುಖಕ್ಕೆ ಒತ್ತಿದರೆ ಸಾಕು, ಪ್ಯಾಡಾದರೆ ಅರ್ಧ ಅದೇ ಕುಡಿದುಬಿಡುತ್ತದೆ. ಗ್ಲೈಕಾಲಿಕ್ ಆಮ್ಲದ ಟೋನರಿಗೆ ಮಾತ್ರ ಪ್ಯಾಡ್ ಒಳ್ಳೆಯದು, ಅಂಗೈಗೆ ತಾಗದೆ ಸಮನಾಗಿ ಹರಡುತ್ತದೆ. ಆದರೆ ಇಷ್ಟು ಒರೆಸಿಕೊಂಡ ರಾತ್ರಿ ಆಮ್ಲದ ಸುದ್ದಿಗೆ ಹೋಗಬೇಡಿ, ಉರಿ ಬರುತ್ತದೆ. ಮೇಕಪ್ ಪೂರ್ತಿ ಹೋಗಿದೆಯೇ ಎಂದು ನೋಡಲು ಒದ್ದೆ ಪ್ಯಾಡನ್ನು ದವಡೆಯ ಅಂಚಿಗೂ ಹಣೆಗೂದಲಿನ ಗೆರೆಗೂ ಎಳೆಯಿರಿ. ಮೈಬಣ್ಣದ ಗುರುತು ಬಂದರೆ ಅದು ಉಳಿದ ಫೌಂಡೇಶನ್.

ಹಾಗಾದರೆ ವೆಟ್ ವೈಪ್? ರೈಲಿನಲ್ಲಿ, ನೀರಿಲ್ಲದ ಕಡೆ ಬಳಸಿ, ಸಿಕ್ಕ ಕೂಡಲೇ ನೀರಲ್ಲಿ ಮುಖ ತೊಳೆಯಿರಿ. ವೈಪ್ ಕೊಳೆಯನ್ನು ಅತ್ತಿತ್ತ ಹರಡಿ, ತನ್ನಲ್ಲಿರುವ ಸೋಪಿನಂಶವನ್ನೂ ಕೆಡದಂತೆ ಹಾಕಿದ ರಾಸಾಯನಿಕವನ್ನೂ ಚರ್ಮದ ಮೇಲೆ ಬಿಟ್ಟುಹೋಗುತ್ತದೆ. ಅಂಥ ರಾಸಾಯನಿಕಗಳಲ್ಲಿ ಒಂದಾದ ಮೀಥೈಲ್‌ಐಸೋಥಯಾಜೋಲಿನೋನ್ ಹಲವರಿಗೆ ಅಲರ್ಜಿ ತಂದಿದ್ದರಿಂದ, ಹಚ್ಚಿ ತೊಳೆಯದೆ ಬಿಡುವ ಪದಾರ್ಥಗಳಲ್ಲಿ ಐರೋಪ್ಯ ಒಕ್ಕೂಟ ಅದನ್ನು ನಿಷೇಧಿಸಿದೆ. ಕೊಳ್ಳುವಾಗ ಪೊಟ್ಟಣದ ಹಿಂಬದಿಯಲ್ಲಿ ಈ ಹೆಸರಿದೆಯೇ ನೋಡಿ. ಅನೇಕ ವೈಪ್‌ಗಳಲ್ಲಿ ಪ್ಲಾಸ್ಟಿಕ್ ಎಳೆ ಇರುವುದರಿಂದ ಕಮೋಡಿಗೂ ಹಾಕಬಾರದು.

ಮತ್ತೆ ಬಳಸುವ ಬಟ್ಟೆಗೆ ಒಂದು ಷರತ್ತಿದೆ. ಒಂದು ಸಲ ಬಳಸಿದ್ದು ಒಗೆಯದೆ ಮತ್ತೆ ಮುಖಕ್ಕೆ ಬರಬಾರದು. ಬಿಸಿನೀರು, ಸಾಬೂನು, ಆಮೇಲೆ ಬಿಸಿಲು; ಫ್ಯಾಬ್ರಿಕ್ ಸಾಫ್ಟ್‌ನರ್ ಬೇಡ, ಹಾಕಿದರೆ ಬಟ್ಟೆ ನೀರು ಹೀರುವುದಿಲ್ಲ. ಏಳು ತುಂಡು ಕತ್ತರಿಸಿಟ್ಟುಕೊಂಡರೆ ವಾರಕ್ಕೊಮ್ಮೆ ಒಗೆದರೂ ನಡೆಯುತ್ತದೆ, ಬಳಸಿದ್ದನ್ನು ಒದ್ದೆಯಾಗಿ ಮುದುರಿಡದೆ ಒಣಹಾಕಬೇಕು. ಇಷ್ಟೂ ಆಗದು ಎನ್ನುವವರು ಬಟ್ಟೆಯ ಗೊಡವೆ ಬಿಟ್ಟು ಪ್ಯಾಡನ್ನೇ ಬಳಸಿ.