ಮೂರನ್ನೇ ನೋಡದೆ ಮೂರನ್ನು ಕಲಿತದ್ದು

2015ರಲ್ಲಿ ಗೂಗಲ್‌ನ ಜೆಫ್ರಿ ಹಿಂಟನ್, ಓರಿಯಲ್ ವಿನ್ಯಾಲ್ಸ್ ಮತ್ತು ಜೆಫ್ ಡೀನ್ ಒಂದು ವಿಚಿತ್ರ ಪ್ರಯೋಗವನ್ನು ಪ್ರಕಟಿಸಿದರು. ಕೈಬರಹದ ಅಂಕಿಗಳನ್ನು ಗುರುತಿಸುವುದು ಕೆಲಸ. ದೊಡ್ಡ ನರಜಾಲವೊಂದು ಪರೀಕ್ಷೆಯ 10,000 ಚಿತ್ರಗಳಲ್ಲಿ 67ನ್ನು ಮಾತ್ರ ತಪ್ಪು ಓದುತ್ತಿತ್ತು. ಚಿಕ್ಕ ಜಾಲಕ್ಕೆ ಅದೇ ಪಾಠವನ್ನು ನೇರವಾಗಿ ಕಲಿಸಿದರೆ 146 ತಪ್ಪು. ದೊಡ್ಡದನ್ನೇ ಮೇಷ್ಟರನ್ನಾಗಿ ಕೂರಿಸಿದರೆ 74.

ಮೇಷ್ಟರು ಹೇಳಿಕೊಡುವುದು ಏನನ್ನು? ಸಾಮಾನ್ಯ ಪಾಠದಲ್ಲಿ ಒಂದು ಚಿತ್ರಕ್ಕೆ ಒಂದೇ ಉತ್ತರ: ಇದು ಎರಡು, ಮುಗಿಯಿತು. ದೊಡ್ಡ ಜಾಲ ಹಾಗೆ ಉತ್ತರಿಸುವುದಿಲ್ಲ, ಹತ್ತು ಅಂಕಿಗಳಿಗೂ ಒಂದೊಂದು ಸಂಭವನೀಯತೆ ಕೊಡುತ್ತದೆ. ಎರಡು ಎಂಬುದರ ಬಗ್ಗೆ ಅದಕ್ಕೆ ಹೆಚ್ಚುಕಡಿಮೆ ಪೂರ್ಣ ಖಾತ್ರಿ ಇರುತ್ತದೆ. ಮೂರು ಇರಬಹುದೇ ಎಂದರೆ ಹತ್ತು ಲಕ್ಷಕ್ಕೆ ಒಂದು, ಏಳು ಇರಬಹುದೇ ಎಂದರೆ ನೂರು ಕೋಟಿಗೆ ಒಂದು. ಎರಡೂ ಸೊನ್ನೆಗೆ ಸಮವೆಂದು ತಳ್ಳಿಹಾಕುವಂಥವೇ. ಆದರೆ ಈ ಎರಡು ಏಳಿಗಿಂತ ಮೂರನ್ನು ಹೆಚ್ಚು ಹೋಲುತ್ತದೆ ಎಂಬ ಗುಟ್ಟು ಇರುವುದು ಅವುಗಳ ನಡುವಿನ ಅಂತರದಲ್ಲಿ. ಹಾಗಾಗಿ ಸಂಭವನೀಯತೆಗಳನ್ನು ಲೆಕ್ಕ ಹಾಕುವ ಮೊದಲು ಜಾಲದ ಕಚ್ಚಾ ಅಂಕಗಳನ್ನು ‘ಉಷ್ಣತೆ’ ಎಂಬ ಸಂಖ್ಯೆಯಿಂದ ಭಾಗಿಸುತ್ತಾರೆ. ಆಗ ದೊಡ್ಡದು ತಗ್ಗಿ, ಚಿಕ್ಕವು ಕಣ್ಣಿಗೆ ಬೀಳುವಷ್ಟು ಮೇಲೇಳುತ್ತವೆ. ಶಿಷ್ಯ ಕಲಿಯುವುದು ಈ ಇಡೀ ಪಟ್ಟಿಯನ್ನು. ಇದೇ ಡಿಸ್ಟಿಲೇಷನ್.

ವಿಚಿತ್ರ ಇರುವುದು ಮುಂದೆ. ಶಿಷ್ಯನ ಪಾಠದಿಂದ 3ರ ಚಿತ್ರಗಳನ್ನೆಲ್ಲ ತೆಗೆದುಹಾಕಿದರು. ಪರೀಕ್ಷೆಯಲ್ಲಿ 3ರ ಚಿತ್ರಗಳು 1,010 ಇದ್ದವು. ಅವುಗಳಲ್ಲಿ ಅದು ತಪ್ಪಿದ್ದು ಬರೀ 133. 3 ಅಪರೂಪ ಎಂದು ಅದು ನಂಬಿಕೊಂಡದ್ದೇ ಇದಕ್ಕೆ ಮುಖ್ಯ ಕಾರಣವಾಗಿತ್ತು. ಆ ಒಂದು ಒಲವನ್ನು ತಿದ್ದಿದ ಮೇಲೆ ಉಳಿದ ತಪ್ಪು 14. ಎರಡು, ಐದು, ಎಂಟುಗಳ ಜೊತೆಗೆ ಬಂದ ಆ ಪುಟ್ಟ ‘ಮೂರೂ ಇರಬಹುದು’ಗಳಿಂದಲೇ ಶಿಷ್ಯ ಮೂರಿನ ಆಕಾರವನ್ನು ಕಟ್ಟಿಕೊಂಡಿತ್ತು. ಈ ಕ್ಷೇತ್ರದಲ್ಲಿ ನನಗೆ ಇದಕ್ಕಿಂತ ಸೊಗಸಾದ ಪ್ರಯೋಗ ಕಂಡಿಲ್ಲ.

ಮಾಡೆಲ್ ಕುಗ್ಗಿಸುವ ಇನ್ನೊಂದು ದಾರಿ ಕ್ವಾಂಟೈಸೇಷನ್. ಇಲ್ಲಿ ಹೊಸ ಶಿಷ್ಯ ಇಲ್ಲ. ಮಾಡೆಲ್ ಅದೇ, ಅದರೊಳಗಿನ ಸಂಖ್ಯೆಗಳನ್ನು ಒರಟಾಗಿ ಬರೆದಿಡುವುದಷ್ಟೇ. 700 ಕೋಟಿ ಸಂಖ್ಯೆಗಳ ಭಾಷಾ ಮಾಡೆಲ್‌ಗೆ, ಒಂದೊಂದಕ್ಕೆ 16 ಬಿಟ್‌ನಂತೆ, 14 ಜಿಬಿ ಜಾಗ ಬೇಕು. 4 ಬಿಟ್‌ಗೆ ಇಳಿಸಿದರೆ ಮೂರೂವರೆ ಜಿಬಿ. ಸಾಧಾರಣ ಲ್ಯಾಪ್‌ಟಾಪಿಗೂ ಹಿಡಿಸುತ್ತದೆ.

ಲೆಕ್ಕ ಕೈಯಲ್ಲೇ ಮಾಡಿ ನೋಡಬಹುದು. 0.12, –0.35, 0.07, 0.28 ಎಂಬ ನಾಲ್ಕು ಸಂಖ್ಯೆಗಳಿವೆ ಎನ್ನಿ. 4 ಬಿಟ್‌ನಲ್ಲಿ –7ರಿಂದ 7ರವರೆಗಿನ ಪೂರ್ಣಾಂಕಗಳನ್ನು ಬಳಸೋಣ. ಚಿಹ್ನೆ ಬಿಟ್ಟು ನೋಡಿದರೆ ಇರುವುದರಲ್ಲಿ ದೊಡ್ಡದು 0.35, ಅದನ್ನು 7ಕ್ಕೆ ಹಂಚಿದರೆ ಒಂದು ಮೆಟ್ಟಿಲು 0.05. ಹತ್ತಿರದ ಮೆಟ್ಟಿಲಿಗೆ ಸರಿಸಿದರೆ ನಮಗೆ ಸಿಗುವುದು 2, –7, 1, 6. ಮತ್ತೆ ಬಿಡಿಸಿದಾಗ 0.10, –0.35, 0.05, 0.30. ಪರವಾಗಿಲ್ಲ. ಇವುಗಳ ನಡುವೆ 3.5 ಎಂಬ ಒಂದು ಭಾರಿ ಸಂಖ್ಯೆ ಸೇರಿತೋ, ಮೆಟ್ಟಿಲು 0.5 ಆಗುತ್ತದೆ. ಆಗ 0.12 ಮತ್ತು 0.07 ಎರಡೂ ಸೊನ್ನೆ; –0.35 ಹೋಗಿ –0.5, 0.28 ಹೋಗಿ 0.5. ಒಂದೇ ಒಂದು ಸಂಖ್ಯೆ ಅಕ್ಕಪಕ್ಕದವುಗಳನ್ನೆಲ್ಲ ಕೆಡಿಸಿಬಿಟ್ಟಿತು. ದೊಡ್ಡ ಭಾಷಾ ಮಾಡೆಲ್‌ಗಳು ಕೆಲಸ ಮಾಡುವಾಗ ಇಂಥ ಪುಂಡ ಸಂಖ್ಯೆಗಳು ನಿಜಕ್ಕೂ ಏಳುತ್ತವೆ. ಟಿಮ್ ಡೆಟ್‌ಮರ್ಸ್ ಮತ್ತು ಸಂಗಡಿಗರು 2022ರಲ್ಲಿ ಅವನ್ನು ಬೇರ್ಪಡಿಸಿ 16 ಬಿಟ್‌ನಲ್ಲೇ ಉಳಿಸಿಕೊಂಡು, ಮಿಕ್ಕದ್ದನ್ನು 8 ಬಿಟ್‌ನಲ್ಲಿ ಲೆಕ್ಕ ಹಾಕುವ ದಾರಿ ತೋರಿಸಿದರು.

ಹೆಚ್ಚು ಬಳಕೆಯಲ್ಲಿರುವ ಇನ್ನೊಂದು ಉಪಾಯ, ಸಂಖ್ಯೆಗಳನ್ನು ಚಿಕ್ಕ ಗುಂಪುಗಳಾಗಿ ಒಡೆಯುವುದು. 32 ಸಂಖ್ಯೆಗೆ ಒಂದು ಗುಂಪು ಮಾಡಿ, ಪ್ರತಿ ಗುಂಪಿಗೂ ಅದರದೇ ಮೆಟ್ಟಿಲು ಕೊಟ್ಟರೆ, ಪುಂಡ ಕೆಡಿಸುವುದು ತನ್ನ ಗುಂಪನ್ನು ಮಾತ್ರ. ಮೆಟ್ಟಿಲಿನ ಅಳತೆ ಬರೆದಿಡಲು 16 ಬಿಟ್ ಬೇಕು, ತಲಾ ಅರ್ಧ ಬಿಟ್ ಹೆಚ್ಚುವರಿ. ಮೂರೂವರೆ ಜಿಬಿ ಆಗ ನಾಲ್ಕರ ಹತ್ತಿರ ಬರುತ್ತದೆ.

ನಷ್ಟವಾಗಿದೆಯೇ ಎಂದು ತಿಳಿಯುವುದು ಹೇಗೆ? ಸರಾಸರಿ ಅಂಕಗಳನ್ನು ನಂಬಿದರೆ ಮೋಸ ಹೋಗುತ್ತೇವೆ. ಕೊಹಿಯರ್ ಸಂಸ್ಥೆಯ ಸಂಶೋಧಕರು 2024ರಲ್ಲಿ ಹಲವು ಭಾಷೆಗಳಲ್ಲಿ ಇದನ್ನು ಪರೀಕ್ಷಿಸಿದಾಗ, ಜಪಾನಿ ಭಾಷೆಯಲ್ಲಿ ಯಂತ್ರ ಕೊಟ್ಟ ಅಂಕಗಳು ಶೇ 1.7ರಷ್ಟೇ ಇಳಿದಿದ್ದವು. ನಿಜಬಳಕೆಯ ಪ್ರಶ್ನೆಗಳಿಗೆ ಬಂದ ಉತ್ತರಗಳನ್ನು ಮನುಷ್ಯರು ಓದಿ ತೂಗಿದಾಗ ಇಳಿಕೆ ಶೇ 16. ಲ್ಯಾಟಿನ್ ಲಿಪಿಯಲ್ಲದ ಭಾಷೆಗಳಿಗೆ ಪೆಟ್ಟು ಹೆಚ್ಚು ಎಂದೂ ಅವರು ಕಂಡರು. ನಮ್ಮ ಲಿಪಿಯೂ ಆ ಸಾಲಿನದೇ. ಆದ್ದರಿಂದ ಕುಗ್ಗಿಸಿದ ಮಾಡೆಲ್ ಒಂದನ್ನು ಕನ್ನಡದ ಕೆಲಸಕ್ಕೆ ಹಚ್ಚುವವರು ಇಂಗ್ಲಿಷ್ ಪರೀಕ್ಷೆಯ ಅಂಕಪಟ್ಟಿ ನೋಡಿ ತೃಪ್ತರಾಗುವಂತಿಲ್ಲ. ಮೂಲ ಮಾಡೆಲ್‌ಗೂ ಕುಗ್ಗಿದ್ದಕ್ಕೂ ಒಂದೇ ಕನ್ನಡ ಪ್ರಶ್ನೆಗಳನ್ನು ಕೊಟ್ಟು, ಯಾವುದು ಯಾರದೆಂದು ಹೇಳದೆ, ಎರಡೂ ಉತ್ತರಗಳನ್ನು ಕನ್ನಡ ಬಲ್ಲವರೊಬ್ಬರ ಮುಂದೆ ಇಡಬೇಕು.